ಒಂದೇ ಕ್ಯಾನು, ಎರಡು ಬಗೆಯ ಲೇಬಲ್ಲು

ಪ್ರಶ್ನೆ: ಪೀಣ್ಯದ ಕೆಮಿಕಲ್ ಗೋಡೌನೊಂದರಲ್ಲಿ ಡಿಸ್ಪ್ಯಾಚ್ ನೋಡಿಕೊಳ್ಳುವ ಕೆಲಸ ನನ್ನದು. ಇಷ್ಟು ದಿನ ಹೈಡ್ರೋಜನ್ ಪೆರಾಕ್ಸೈಡನ್ನು ಊರೊಳಗಿನ ಗಿರಾಕಿಗಳಿಗಷ್ಟೇ ಕಳಿಸುತ್ತಿದ್ದೆವು. ಈಗ ಮೊದಲ ಸಲ ಕೊಲಂಬೊಗೆ 35 ಕೆಜಿಯ 40 ಕ್ಯಾನು ಹೋಗಬೇಕಿದೆ. ಮಾಲು ಶೇ. 35ರದ್ದು. ಕ್ಯಾನಿನ ಮೇಲೆ ಆಗಲೇ ಕೆಂಪು ಅಂಚಿನ ಎರಡು ಚಿತ್ರಗಳಿವೆ: ಕೈ ಮೇಲೆ ಏನೋ ತೊಟ್ಟಿಕ್ಕುವುದು ಒಂದು, ಆಶ್ಚರ್ಯಸೂಚಕ ಚಿಹ್ನೆ ಇನ್ನೊಂದು. ನಮ್ಮ ಸಿಎಚ್‌ಎ ಮಾತ್ರ ಅದರ ಜೊತೆಗೆ ಹಳದಿ ಲೇಬಲ್ಲೊಂದು, ಕಪ್ಪು ಬಿಳುಪಿನದೊಂದು ಅಂಟಿಸಲೇಬೇಕು ಅನ್ನುತ್ತಾರೆ. ಎಂಎಸ್‌ಡಿಎಸ್ ತೆಗೆದು ನೋಡಿದರೆ 2ನೇ ವಿಭಾಗದಲ್ಲಿ ಬೆಂಕಿಯ ಮಾತೇ ಇಲ್ಲ, 14ನೇ ವಿಭಾಗದಲ್ಲಿ ಇದೆ. ಎರಡರಲ್ಲಿ ಯಾವುದು ತಪ್ಪು? ಒಂದು ಲೀಟರ್ ಸ್ಯಾಂಪಲನ್ನು ಕೊರಿಯರ್‌ನವರು ಮುಟ್ಟಲೂ ಇಲ್ಲ. ಅದಕ್ಕೇನು ಕಾರಣ?

ಉತ್ತರ: ಎರಡೂ ತಪ್ಪಲ್ಲ. ನಿಮ್ಮ ಎಂಎಸ್‌ಡಿಎಸ್ ಒಳಗೇ ಎರಡು ಬೇರೆ ಬೇರೆ ಕಾನೂನು ಮಾತಾಡುತ್ತಿವೆ. ಯಾವ ವಿಭಾಗ ಯಾವುದರ ಬಾಯಿ ಅಂತ ಹೇಳುವವರು ಯಾರೂ ಇಲ್ಲದ ಕಾರಣ ಓದಿದವರಿಗೆ ಗೊಂದಲವಾಗುತ್ತದೆ.

ಕೆಂಪು ಅಂಚಿನ ಚಿತ್ರಗಳು ಕ್ಯಾನಿನ ಮುಚ್ಚಳ ಬಿಚ್ಚಿ ಮಾಲನ್ನು ಬಳಸುವವನಿಗಾಗಿ ಇರುವಂಥವು. ದಿನವೂ ಅದನ್ನು ಸುರಿದು, ಬೆರೆಸಿ, ಅದರ ಆವಿ ಕುಡಿಯುವ ಕೆಲಸಗಾರನ ಮೈಗೆ ಏನಾದೀತು ಎಂಬುದು ಅಲ್ಲಿನ ಪ್ರಶ್ನೆ. ವಿಶ್ವಸಂಸ್ಥೆ 2003ರಲ್ಲಿ ಹೊರತಂದ ಜಿಎಚ್‌ಎಸ್ ಎಂಬ ಪದ್ಧತಿಯಿಂದ ಈ ಚಿತ್ರಗಳು ಬಂದಿವೆ, 16 ವಿಭಾಗಗಳ ಎಸ್‌ಡಿಎಸ್ ಕೂಡ ಅಲ್ಲಿಯದೇ. ಹಳದಿ ಮತ್ತು ಕಪ್ಪು ಬಿಳುಪಿನ ವಜ್ರಾಕೃತಿಯ ಲೇಬಲ್ಲುಗಳು ಕ್ಯಾನನ್ನು ಎಂದೂ ತೆರೆಯದವರಿಗಾಗಿ: ಲಾರಿ ಚಾಲಕ, ಬಂದರಿನ ಹಮಾಲಿ, ಹಡಗಿನ ಅಧಿಕಾರಿ, ಬೆಂಕಿ ಆರಿಸಲು ಬರುವವನು. ಕ್ಯಾನು ಒಡೆದರೆ, ಪಕ್ಕದ ಸರಕಿನ ಜೊತೆ ಸೇರಿದರೆ ಏನಾದೀತು ಎಂದಷ್ಟೇ ಅವರು ಕೇಳುತ್ತಾರೆ. ಆ ವ್ಯವಸ್ಥೆ ಇನ್ನೂ ಹಳೆಯದು, 1956ರಿಂದ ವಿಶ್ವಸಂಸ್ಥೆಯ ಶಿಫಾರಸಾಗಿ ಬೆಳೆದುಬಂದದ್ದು. ಹಡಗಿಗೆ ಅದರ ರೂಪ ಐಎಂಡಿಜಿ ಕೋಡ್, ವಿಮಾನಕ್ಕೆ ಐಎಟಿಎಯ ಡಿಜಿಆರ್ ಪುಸ್ತಕ. ನಮ್ಮ ರಸ್ತೆಗಳಿಗೆ ಕೇಂದ್ರ ಮೋಟಾರು ವಾಹನ ನಿಯಮಗಳು ಅದೇ ವರ್ಗಗಳನ್ನು ತೆಗೆದುಕೊಂಡಿವೆ.

ಇಷ್ಟೇ ಆಗಿದ್ದರೆ ಒಂದು ಸಾಲಿನಲ್ಲಿ ಮುಗಿಯುತ್ತಿತ್ತು. ಆದರೆ ಪೆರಾಕ್ಸೈಡು ಸ್ವಲ್ಪ ಕಿಲಾಡಿ ಪದಾರ್ಥ. ಅದರ ವಿಷಯದಲ್ಲಿ ಹೆಸರಿಗಿಂತ ಶೇಕಡಾವಾರು ದೊಡ್ಡದು. ನಿಮ್ಮ ಎರಡು ವಿಭಾಗಗಳು ಹೊಂದದಿರುವುದೂ ಆ ಶೇಕಡಾವಾರಿನ ದೆಸೆಯಿಂದಲೇ.

ಮೊದಲು 2ನೇ ವಿಭಾಗ ನೋಡೋಣ. ನೀವು ಹೇಳುವ ಎರಡು ಚಿತ್ರಗಳು ಯುರೋಪಿನ ಪಟ್ಟಿಗೆ ಸರಿಯಾಗಿ ಹೊಂದುತ್ತವೆ. ಅಲ್ಲಿ ಪೆರಾಕ್ಸೈಡಿಗೆ ಮೆಟ್ಟಿಲು ಮೆಟ್ಟಿಲಾಗಿ ಗಡಿಗಳನ್ನು ಬರೆದಿಟ್ಟಿದ್ದಾರೆ. ಶೇ. 5ರಿಂದ 8ರ ಒಳಗಿದ್ದರೆ ಕಣ್ಣು ಉರಿ. ಶೇ. 8 ಮುಟ್ಟಿತೋ, ಕಣ್ಣಿಗೆ ಗಂಭೀರ ಹಾನಿ. ಶೇ. 35ಕ್ಕೆ ಬಂದಾಗ ಚರ್ಮದ ಉರಿ ಮತ್ತು ಮೂಗು ಗಂಟಲಿನ ಕೆರಳಿಕೆ ಸೇರಿಕೊಳ್ಳುತ್ತವೆ. ಚರ್ಮ ಸುಡುವುದು ಮತ್ತು ಇನ್ನೊಂದರ ಬೆಂಕಿಗೆ ಬಲ ಕೊಡುವುದು, ಇವೆರಡೂ ಆ ಪಟ್ಟಿಯಲ್ಲಿ ಶುರುವಾಗುವುದು ಶೇ. 50ರಿಂದ. ಅಂದಮೇಲೆ ಶೇ. 35ರ ಕ್ಯಾನಿನ ಮೇಲೆ ಜ್ವಾಲೆಯ ಚಿತ್ರ ಇಲ್ಲದಿರುವುದರಲ್ಲಿ ಆಶ್ಚರ್ಯವಿಲ್ಲ. ಕೈ ಮೇಲೆ ತೊಟ್ಟಿಕ್ಕುವ ಚಿತ್ರ ಅಲ್ಲಿರುವುದೂ ಕೈಗಾಗಿ ಅಲ್ಲ, ಕಣ್ಣಿಗಾಗಿ. ಕಣ್ಣಿನ ಗಂಭೀರ ಹಾನಿಗೆ ಜಿಎಚ್‌ಎಸ್‌ನಲ್ಲಿ ಬೇರೆ ಚಿತ್ರವಿಲ್ಲ, ಅದೇ ಚಿತ್ರವನ್ನು ಬಳಸುತ್ತಾರೆ. ಗೋಡೌನಿನ ಹುಡುಗರು ಬರೀ ಗ್ಲೌಸ್ ಹಾಕಿಕೊಂಡು ಕನ್ನಡಕ ಬಿಟ್ಟಿದ್ದರೆ ಈ ಚಿತ್ರವನ್ನು ತಪ್ಪಾಗಿ ಓದಿದ್ದಾರೆ ಅಂತಲೇ ಅರ್ಥ.

ಈಗ 14ನೇ ವಿಭಾಗ. ಸಾಗಣೆಯ ನಿಯಮದಲ್ಲಿ ಅಪಾಯದ ಸರಕಿನ ಒಂದು ದೊಡ್ಡ ಪಟ್ಟಿ ಇದೆ. ಅದರಲ್ಲಿ ಎರಡು ಬಗೆಯ ನಮೂದುಗಳು. ಕೆಲವು ಪದಾರ್ಥಗಳಿಗೆ ಸ್ವಂತ ಹೆಸರೇ ಇರುತ್ತದೆ. ಉಳಿದವು ‘ಉರಿಯುವ ದ್ರವ, ಬೇರೆಡೆ ಹೇಳಿಲ್ಲದ್ದು’ ಎಂಬಂಥ ಸಾಮಾನ್ಯ ಬುಟ್ಟಿಗೆ ಬೀಳುತ್ತವೆ. ಬುಟ್ಟಿಗೆ ಬೀಳುವ ಮಾಲಿನ ಗುಣಗಳನ್ನು ಕಳಿಸುವವನೇ ಪರೀಕ್ಷೆ ಮಾಡಿಸಿ ವರ್ಗ ನಿರ್ಧರಿಸಬೇಕು. ಹೆಸರಿರುವ ಪದಾರ್ಥಕ್ಕೆ ಆ ಗೋಜಿಲ್ಲ, ಪಟ್ಟಿ ಹೇಳಿದ್ದೇ ಅಂತಿಮ. ‘ನಮ್ಮ ಮಾಲು ಅಷ್ಟೊಂದು ಅಪಾಯದ್ದಲ್ಲ, 2ನೇ ವಿಭಾಗ ನೋಡಿ’ ಎಂಬ ವಾದ ಅಲ್ಲಿ ನಡೆಯುವುದಿಲ್ಲ.

ಪೆರಾಕ್ಸೈಡು ಹೆಸರಿರುವ ಪದಾರ್ಥ. ಶೇ. 8ಕ್ಕಿಂತ ಕಡಿಮೆಯಿದ್ದರೆ ಅದು ಅಪಾಯದ ಸರಕೇ ಅಲ್ಲ. ಶೇ. 8ರಿಂದ 20ರ ಒಳಗಿದ್ದರೆ ಯುಎನ್ 2984: ವರ್ಗ 5.1, ಅಂದರೆ ಆಮ್ಲಜನಕ ಕೊಟ್ಟು ಇನ್ನೊಂದನ್ನು ಉರಿಸುವ ಆಕ್ಸಿಡೈಸರ್, ಅಪಾಯದ ಮಟ್ಟ ಕಡಿಮೆ. ಶೇ. 20ರಿಂದ 60ರವರೆಗೆ ಯುಎನ್ 2014 (ಇಸವಿಯಲ್ಲ, ನಂಬರು): ವರ್ಗ 5.1, ಜೊತೆಗೆ ಉಪ ಅಪಾಯವಾಗಿ ವರ್ಗ 8, ಅಂದರೆ ಕೊರೆಯುವ ವಸ್ತು, ಪ್ಯಾಕಿಂಗ್ ಗ್ರೂಪ್ ಎರಡು. ಶೇ. 60 ದಾಟಿದರೆ ಯುಎನ್ 2015, ಪ್ಯಾಕಿಂಗ್ ಗ್ರೂಪ್ ಒಂದು. ನಿಮ್ಮ ಶೇ. 35ರ ಮಾಲು ಮೂರನೆಯ ಮನೆಗೆ ಬೀಳುತ್ತದೆ. ಶೇ. 21ರದ್ದೂ 59ರದ್ದೂ ಒಂದೇ ಮನೆಯಲ್ಲಿರುವುದರಿಂದ ಆಕ್ಸಿಡೈಸರ್ ಮತ್ತು ಕೊರೆಯುವಿಕೆ ಎರಡನ್ನೂ ಎಲ್ಲರೂ ಹೊರಬೇಕು. ಕೆಲಸದ ಜಾಗದ ಪಟ್ಟಿ ಎರಡಕ್ಕೂ ಶೇ. 50ರಲ್ಲಿ ಗೆರೆ ಎಳೆದರೆ, ಸಾಗಣೆಯ ಪಟ್ಟಿ ಆಕ್ಸಿಡೈಸರಿಗೆ 8ರಲ್ಲಿ, ಕೊರೆಯುವಿಕೆಗೆ 20ರಲ್ಲಿ ಎಳೆದಿದೆ. ನಿಮ್ಮ ಎಂಎಸ್‌ಡಿಎಸ್‌ನಲ್ಲಿ ಕಂಡ ‘ವಿರೋಧ’ ಇಷ್ಟೇ. ಸಿಎಚ್‌ಎ ಹೇಳಿದ ಹಳದಿ ಲೇಬಲ್ಲು 5.1ರದ್ದು, ಕಪ್ಪು ಬಿಳುಪಿನದು 8ರದ್ದು.

ಸಾಗಣೆಯವರು ಅಷ್ಟು ಕೆಳಗೆ ಗೆರೆ ಎಳೆದದ್ದೇಕೆ? ಲೆಕ್ಕ ಹಾಕಿ ನೋಡಿ. ಪೆರಾಕ್ಸೈಡು ಒಡೆದರೆ ನೀರು ಮತ್ತು ಆಮ್ಲಜನಕವಾಗುತ್ತದೆ, ಜೊತೆಗೆ ಬಿಸಿ. ಶೇ. 35ರ ಒಂದು ಲೀಟರಿನಿಂದ ಸುಮಾರು 130 ಲೀಟರ್ ಆಮ್ಲಜನಕ ಹೊರಡುತ್ತದೆ. ಮಾರುಕಟ್ಟೆಯಲ್ಲಿ ಇದನ್ನು ‘130 ವಾಲ್ಯೂಮ್’ ಅನ್ನುವುದು ಅದಕ್ಕೇ. ಮಾಲಿನ ಸಾಂದ್ರತೆ 1.13ರಷ್ಟು ಇರುವುದರಿಂದ 35 ಕೆಜಿ ಅಂದರೆ ಸುಮಾರು 31 ಲೀಟರ್. 40 ಕ್ಯಾನಿಗೆ 1,240 ಲೀಟರ್. ಪೂರ್ತಿ ಒಡೆದರೆ 160 ಘನ ಮೀಟರಿನಷ್ಟು ಆಮ್ಲಜನಕ. 20 ಅಡಿ ಕಂಟೇನರಿನ ಒಳಗೆ ಹಿಡಿಯುವುದು ಸುಮಾರು 33 ಘನ ಮೀಟರ್. ಅಂದರೆ ನಿಮ್ಮ ಒಂದು ಸಣ್ಣ ಲೋಡಿನಲ್ಲಿ ಐದು ಕಂಟೇನರ್ ತುಂಬುವಷ್ಟು ಆಮ್ಲಜನಕ ಅಡಗಿ ಕೂತಿದೆ. ಪೆರಾಕ್ಸೈಡು ತಾನು ಉರಿಯುವುದಿಲ್ಲ. ಪಕ್ಕದಲ್ಲಿರುವ ಮರ, ರಟ್ಟು, ಬಟ್ಟೆ, ಥಿನ್ನರನ್ನು ಉರಿಸುತ್ತದೆ.

ಇಂಥ ಜಾತಿಯ ದ್ರವ ಏನು ಮಾಡಬಲ್ಲದು ಎಂಬುದಕ್ಕೆ ಡಿಜಿ ತರಬೇತಿಗೆ ಹೋದವರು ಕೇಳಿರಬಹುದಾದ ಒಂದು ಪ್ರಕರಣವಿದೆ. 1973ರ ನವೆಂಬರ್ 3ರಂದು ನ್ಯೂಯಾರ್ಕಿನಿಂದ ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್‌ಗೆ ಹೊರಟಿದ್ದ ಪ್ಯಾನ್ ಆಮ್ ಕಂಪನಿಯ ಬೋಯಿಂಗ್ 707 ಸರಕು ವಿಮಾನದಲ್ಲಿ ಹೊಗೆ ಕಾಣಿಸಿತು. ಬಾಸ್ಟನ್ನಿಗೆ ತಿರುಗಿಸಿ ಇಳಿಸುವ ಹೊತ್ತಿಗೆ ಕಾಕ್‌ಪಿಟ್ ತುಂಬ ಹೊಗೆ. ವಿಮಾನ ನಿಲ್ದಾಣದ ಹತ್ತಿರ ಬಿದ್ದು ಒಳಗಿದ್ದ ಮೂವರೂ ಸತ್ತರು. ಸೋರಿದ ನೈಟ್ರಿಕ್ ಆಮ್ಲ ಪ್ಯಾಕಿಂಗಿಗೆ ತುಂಬಿದ್ದ ಮರದ ಹೊಟ್ಟಿನ ಜೊತೆ ಸೇರಿ ಹೊಗೆ ಎದ್ದಿರಬೇಕೆಂದು ತನಿಖೆ ಹೇಳಿತು. ಸೋರಿಕೆ ಹೀರಲಿ ಎಂದು ಯಾರೋ ಒಳ್ಳೆಯ ಮನಸ್ಸಿನಿಂದಲೇ ಹೊಟ್ಟು ತುಂಬಿದ್ದಿರಬಹುದು. ನೈಟ್ರಿಕ್ ಆಮ್ಲದಂತೆ ಪೆರಾಕ್ಸೈಡೂ ಆಮ್ಲಜನಕ ಕೊಡುವ ಜಾತಿ. ಅದಕ್ಕೇ ನಿಮ್ಮ ಕಂಟೇನರಿನಲ್ಲಿ ಕ್ಯಾನುಗಳ ನಡುವೆ ಹೊಟ್ಟು, ಹಳೆ ಗೋಣಿ, ಪೇಪರ್ ತುರುಕುವುದು ಬೇಡ. ಗೋಡೌನಿನಲ್ಲಿ ಚೆಲ್ಲಿದರೂ ಬಟ್ಟೆಯಲ್ಲಿ ಒರೆಸಿ ಮೂಲೆಗೆ ಎಸೆಯುವುದು ಬೇಡ, ಧಾರಾಳವಾಗಿ ನೀರು ಹೊಯ್ದು ತೆಳುವಾಗಿಸಬೇಕು. ಒರೆಸಿದ ಬಟ್ಟೆ ಒಣಗುತ್ತಾ ಬಂದಂತೆ ಅದರಲ್ಲಿನ ಪೆರಾಕ್ಸೈಡು ಗಟ್ಟಿಯಾಗುತ್ತಾ ಹೋಗುತ್ತದೆ, ಯಾಕೆಂದರೆ ಮೊದಲು ಹಾರುವುದು ನೀರು.

ಈಗ ನಿಮ್ಮ 40 ಕ್ಯಾನಿನ ಲೋಡಿಗೆ ಬರೋಣ. ಎಂಎಸ್‌ಡಿಎಸ್ ತೆಗೆದಾಗ 14ನೇ ವಿಭಾಗದಿಂದ ಶುರು ಮಾಡಬೇಡಿ, 3ನೇ ವಿಭಾಗದಿಂದ ಶುರು ಮಾಡಿ. ಅಲ್ಲಿ ಶೇಕಡಾವಾರು ಬರೆದಿರುತ್ತದೆ. ಅದನ್ನು ಈ ಬ್ಯಾಚಿನ ಟೆಸ್ಟ್ ಸರ್ಟಿಫಿಕೇಟಿನ ಜೊತೆ ತಾಳೆ ನೋಡಿ, ಆಮೇಲೆ 14ಕ್ಕೆ ಹೋಗಿ. ಈ ಒಂದು ಹೆಜ್ಜೆಯಲ್ಲೇ ಹೆಚ್ಚಿನ ಎಡವಟ್ಟುಗಳು ಸಿಕ್ಕಿಬೀಳುತ್ತವೆ. ಶೇ. 6ರ ಮಾಲಿನ ಹಾಳೆಯಿಂದ ‘ಸಾಗಣೆಗೆ ನಿರ್ಬಂಧವಿಲ್ಲ’ ಎಂಬ ಸಾಲನ್ನು ನಕಲು ಮಾಡಿ 35ರ ಹಾಳೆಗೆ ಅಂಟಿಸಿರುತ್ತಾರೆ. ಇಲ್ಲವೇ 3ರಲ್ಲಿ 50 ಎಂದಿದ್ದು 14ರಲ್ಲಿ ಯುಎನ್ 2015 ಎಂದಿರುತ್ತದೆ, ಅದು 60 ದಾಟಿದ ಮಾಲಿನ ನಂಬರು. ಕೆಲವು ಹಾಳೆಗಳಲ್ಲಿ ಶೇ. 15ರಿಂದ 50 ಎಂದು ಅಗಲವಾಗಿ ಬರೆದುಬಿಟ್ಟಿರುತ್ತಾರೆ. ಅಂಥ ಹಾಳೆಯಿಂದ ಯುಎನ್ ನಂಬರು ಹೇಳುವುದು ಯಾರಿಂದಲೂ ಸಾಧ್ಯವಿಲ್ಲ, ಯಾಕೆಂದರೆ 20ರ ಗೆರೆ ಆ ಅಗಲದ ನಡುವೆಯೇ ಹಾದುಹೋಗುತ್ತದೆ. ಎಂಎಸ್‌ಡಿಎಸ್ ಬರೀ ಸಾರಾಂಶ, ಅಧಿಕಾರ ಇರುವುದು ಐಎಂಡಿಜಿ ಕೋಡಿಗೆ. ಅದು ಎರಡು ವರ್ಷಕ್ಕೊಮ್ಮೆ ಪರಿಷ್ಕರಣೆಯಾಗುತ್ತದೆ. ಹಾಳೆಯ 16ನೇ ವಿಭಾಗದಲ್ಲಿರುವ ತಾರೀಖು ತೀರಾ ಹಳೆಯದಾಗಿದ್ದರೆ ತಯಾರಕರಿಂದ ಹೊಸದನ್ನು ಕೇಳಿ ತರಿಸಿಕೊಳ್ಳಿ.

ನಿಮ್ಮಲ್ಲಿ ಇನ್ನೊಂದು ಸಂಗತಿ ಇದ್ದರೂ ಇರಬಹುದು. ಎಷ್ಟೋ ವ್ಯಾಪಾರಿಗಳು ಶೇ. 50ರ ಮಾಲನ್ನು ಟ್ಯಾಂಕರಿನಲ್ಲಿ ತರಿಸಿ, ನೀರು ಬೆರೆಸಿ 35 ಮಾಡಿ ಕ್ಯಾನಿಗೆ ತುಂಬುತ್ತಾರೆ. 100 ಕೆಜಿಗೆ ಸುಮಾರು 43 ಕೆಜಿ ನೀರು ಹಿಡಿಸುತ್ತದೆ. ಹಾಗೆ ಮಾಡಿದ ಕ್ಷಣದಿಂದ ಮೂಲ ತಯಾರಕರ ಎಂಎಸ್‌ಡಿಎಸ್ ನಿಮ್ಮ ಮಾಲಿಗೆ ಸಲ್ಲುವುದಿಲ್ಲ. 2ನೇ ವಿಭಾಗ ಪೂರ್ತಿ ಬದಲಾಯಿತು: ಅವರ ಹಾಳೆಯಲ್ಲಿ ಜ್ವಾಲೆಯ ಚಿತ್ರ ಇರುತ್ತದೆ, ನಿಮ್ಮದರಲ್ಲಿ ಇರಬೇಕಿಲ್ಲ. ಯುಎನ್ ನಂಬರು ಮಾತ್ರ ಬದಲಾಗಲಿಲ್ಲ, ಎರಡೂ 2014. ಹೊಸ ಹಾಳೆ, ಹೊಸ ಲೇಬಲ್ಲು ನಿಮ್ಮ ಹೆಸರಿನಲ್ಲೇ ಆಗಬೇಕು. ನಮ್ಮ ದೇಶದಲ್ಲೂ ಅಪಾಯಕಾರಿ ರಾಸಾಯನಿಕಗಳಿಗೆ ಸುರಕ್ಷತಾ ಹಾಳೆ ಮತ್ತು ಲೇಬಲ್ಲು ಇರಬೇಕೆಂದು 1989ರ ನಿಯಮಗಳು ಹೇಳುತ್ತವೆ, ಇದು ಬರೀ ಹೊರದೇಶದವರ ಹಟವಲ್ಲ. ಬೆರೆಸುವ ನೀರು ಕಡ್ಡಾಯವಾಗಿ ಡಿಎಂ ನೀರೇ ಆಗಿರಲಿ. ಬೋರ್‌ವೆಲ್ ನೀರಿನಲ್ಲಿ ಒಂದಿಷ್ಟು ಕಬ್ಬಿಣ ಇದ್ದರೂ ಸಾಕು, ಪೆರಾಕ್ಸೈಡು ಕ್ಯಾನಿನೊಳಗೇ ಒಡೆಯಲು ಶುರುವಾಗುತ್ತದೆ. ತುಕ್ಕು, ತಾಮ್ರ, ಹಿತ್ತಾಳೆ ಎಲ್ಲವೂ ಅದಕ್ಕೆ ಆಗಿಬರದವು. ಮಗ್ಗಿನಲ್ಲಿ ಉಳಿದ ಮಾಲನ್ನು ‘ವೇಸ್ಟ್ ಯಾಕೆ’ ಅಂತ ಮತ್ತೆ ಕ್ಯಾನಿಗೆ ಸುರಿಯುವ ಅಭ್ಯಾಸ ನಿಮ್ಮಲ್ಲಿದ್ದರೆ ಇವತ್ತೇ ನಿಲ್ಲಿಸಿ.

ಇನ್ನು ಕ್ಯಾನನ್ನೇ ಕೈಗೆ ತೆಗೆದುಕೊಳ್ಳಿ. ಲೇಬಲ್ಲಿಗಿಂತ ಮುಂಚೆ ನೋಡಬೇಕಾದದ್ದು ಮುಚ್ಚಳ. ಪೆರಾಕ್ಸೈಡಿನ ಮುಚ್ಚಳದ ಒಳಗೆ ನಡುವೆ ಒಂದು ಸಣ್ಣ ಬಿಳಿ ಬಿಲ್ಲೆ ಇರುತ್ತದೆ. ಅದು ಗಾಳಿಯನ್ನು ಹೊರಗೆ ಬಿಡುತ್ತದೆ, ದ್ರವವನ್ನು ಬಿಡುವುದಿಲ್ಲ. ಒಳ್ಳೆಯ ಮಾಲೂ ದಿನಕ್ಕಿಷ್ಟು ಅಂತ ಆಮ್ಲಜನಕ ಬಿಡುತ್ತಲೇ ಇರುತ್ತದೆ, ಅದಕ್ಕೆ ದಾರಿ ಬೇಕು. ಯುಎನ್ 2014ಕ್ಕೆ ಉಸಿರಾಡುವ ಮುಚ್ಚಳ ಇರಲೇಬೇಕೆಂದು ಐಎಂಡಿಜಿ ಕೋಡ್ ಹೇಳುತ್ತದೆ. ಮೂಲ ಮುಚ್ಚಳ ಬಿರುಕು ಬಿಟ್ಟಿತೆಂದು ಆಸಿಡ್ ಕ್ಯಾನಿನ ಸಾದಾ ಮುಚ್ಚಳ ತಿರುಗಿಸಿದರೆ ಏನಾಗುತ್ತದೆ ಎಂಬುದು ಕಂಟೇನರಿನ ಬಿಸಿಯಲ್ಲಿ ಎರಡು ದಿನದೊಳಗೆ ಗೊತ್ತಾಗುತ್ತದೆ: ಕ್ಯಾನಿನ ಮಗ್ಗುಲು ಉಬ್ಬುತ್ತದೆ. ಮುಟ್ಟಿದರೆ ಬೆಚ್ಚಗಿದ್ದು ಒಳಗಿನಿಂದ ಸೋಡಾ ಬಾಟಲಿಯಂತೆ ಸುಂಯ್ ಎಂಬ ಸದ್ದು ಬರುತ್ತಿದ್ದರೆ ಉಬ್ಬುವ ಹಂತವೂ ದಾಟಿ ಮಾಲು ಒಡೆಯುತ್ತಿದೆ ಎಂದರ್ಥ. ಅಂಥ ಕ್ಯಾನನ್ನು ಲೋಡ್ ಮಾಡುವುದಿರಲಿ, ಬೇರೆಯವುಗಳ ಪಕ್ಕದಲ್ಲೂ ಇಡಬಾರದು. ದೂರ ಇಟ್ಟು ಹೊರಗಿನಿಂದ ನೀರು ಹಾಯಿಸಿ ತಂಪು ಮಾಡುತ್ತಾ ತಯಾರಕರಿಗೆ ಫೋನು ಮಾಡಿ. ಮುಚ್ಚಳ ಉಸಿರಾಡುವ ಬಗೆಯದಾದ್ದರಿಂದ ಕ್ಯಾನನ್ನು ಮಲಗಿಸುವಂತೆಯೂ ಇಲ್ಲ, ಮಲಗಿಸಿದರೆ ದ್ರವವೇ ಬಿಲ್ಲೆಗೆ ಅಡ್ಡ ನಿಂತು ಗಾಳಿಗೆ ದಾರಿ ತಪ್ಪುತ್ತದೆ. ಅದಕ್ಕೇ ಎದುರುಬದುರು ಎರಡು ಮಗ್ಗುಲಲ್ಲಿ ಮೇಲ್ಮುಖದ ಬಾಣದ ಗುರುತು ಬೇಕು. ಇದನ್ನು ಮರೆಯುವವರೇ ಜಾಸ್ತಿ.

ಆಮೇಲೆ ಕ್ಯಾನಿನ ಮೈಮೇಲೆ ಅಚ್ಚೊತ್ತಿದ ಗುರುತು ಹುಡುಕಿ. ಒಂದು ವೃತ್ತದೊಳಗೆ ಯುಎನ್ ಅಕ್ಷರಗಳು, ಅದರ ಪಕ್ಕದಲ್ಲಿ ಈ ಮಾದರಿಯ ಸಾಲು ಇರುತ್ತದೆ:

```
3H1/Y1.4/150/24/IND/...
```

3H1 ಅಂದರೆ ಮೇಲ್ಭಾಗ ಬಿಚ್ಚಲಾಗದ ಪ್ಲಾಸ್ಟಿಕ್ ಜೆರ್ರಿಕ್ಯಾನು. Y ಎಂಬ ಅಕ್ಷರ ಪ್ಯಾಕಿಂಗ್ ಗ್ರೂಪ್ ಎರಡಕ್ಕೂ ಮೂರಕ್ಕೂ ಆಗುತ್ತದೆ, ಒಂದಕ್ಕೆ ಆಗುವುದಿಲ್ಲ. ಆ ಜಾಗದಲ್ಲಿ Z ಇದ್ದರೆ ಅದು ಮೂರಕ್ಕೆ ಮಾತ್ರ, ನಿಮ್ಮ ಮಾಲಿಗೆ ಸಾಲದು. 1.4 ಎಂದರೆ ಅಷ್ಟು ಸಾಂದ್ರತೆಯ ದ್ರವದವರೆಗೆ ಪರೀಕ್ಷೆ ಆಗಿದೆ. ನಿಮ್ಮದು 1.13, ಧಾರಾಳ ಆಯಿತು. 150 ಎಂಬುದು ತಡೆದುಕೊಂಡ ಒತ್ತಡ, ಕಿಲೋಪಾಸ್ಕಲ್ ಲೆಕ್ಕದಲ್ಲಿ. 24 ಎಂದರೆ 2024ರಲ್ಲಿ ತಯಾರಾದದ್ದು. ಪ್ಲಾಸ್ಟಿಕ್ ಕ್ಯಾನಿಗೆ ತಯಾರಾದ ದಿನದಿಂದ ಐದು ವರ್ಷ ಮಾತ್ರ ಆಯುಷ್ಯ. ತಿಂಗಳನ್ನು ಗಡಿಯಾರದ ಮುಖದಂಥ ಅಚ್ಚಿನಲ್ಲಿ ಮುಳ್ಳು ತೋರಿಸುತ್ತದೆ. ಗುಜರಿಯಿಂದ ಬಂದ, ತೊಳೆದ ಕ್ಯಾನುಗಳಲ್ಲಿ ಈ ಸಾಲು ಇರುವುದೇ ಇಲ್ಲ, ಇದ್ದರೂ ವರ್ಷ ಮೀರಿರುತ್ತದೆ. ಇದರ ಪರೀಕ್ಷೆ ಮಾಡಿ ಸರ್ಟಿಫಿಕೇಟು ಕೊಡುವುದು ಭಾರತೀಯ ಪ್ಯಾಕೇಜಿಂಗ್ ಸಂಸ್ಥೆ, ಕ್ಯಾನು ಮಾರಿದವರಿಂದ ಅದರ ನಕಲು ಪಡೆದಿಟ್ಟುಕೊಳ್ಳಿ. ಶಿಪ್ಪಿಂಗ್ ಲೈನಿನವರು ಬುಕಿಂಗ್ ಮಾಡುವಾಗಲೇ ಕೇಳುತ್ತಾರೆ.

ಈಗ ಲೇಬಲ್ಲು. 5.1 ಮತ್ತು 8ರ ಲೇಬಲ್ಲುಗಳು ಪ್ರತಿ ಬದಿ 10 ಸೆಂ.ಮೀ. ಇರಬೇಕು, ಅಕ್ಕಪಕ್ಕದಲ್ಲೇ ಇರಬೇಕು. ಹತ್ತಿರದಲ್ಲೇ ಯುಎನ್ ನಂಬರು ಮತ್ತು ಸಾಗಣೆಯ ಅಧಿಕೃತ ಹೆಸರು. ನಿಮ್ಮದು 30 ಕೆಜಿ ಮೀರಿದ ಕ್ಯಾನು, ಹಾಗಾಗಿ ಯುಎನ್ ನಂಬರಿನ ಅಕ್ಷರ 12 ಮಿ.ಮೀ. ಎತ್ತರಕ್ಕೆ ಕಡಿಮೆಯಾಗಬಾರದು. ಮೂರು ತಿಂಗಳು ಸಮುದ್ರದ ನೀರಿನಲ್ಲಿ ಬಿದ್ದಿದ್ದರೂ ಓದಲು ಬರಬೇಕೆಂಬುದು ಹಡಗಿನ ನಿಯಮ. ಆಫೀಸಿನ ಪ್ರಿಂಟರಿನಲ್ಲಿ ಪೇಪರ್ ಸ್ಟಿಕ್ಕರ್ ಹೊಡೆದು ಮೇಲೆ ಟೇಪ್ ಅಂಟಿಸಿದರೆ ಅದು ನಿಲ್ಲುವುದಿಲ್ಲ, ಪ್ಲಾಸ್ಟಿಕ್ ಹಾಳೆಯ ಲೇಬಲ್ಲೇ ಬೇಕು. ಕೆಂಪು ಅಂಚಿನ ಲೇಬಲ್ಲನ್ನು ಕೀಳಬೇಡಿ. ಕೊಲಂಬೊದಲ್ಲಿ ಕ್ಯಾನು ಬಿಚ್ಚುವವನಿಗೆ ಅದು ಬೇಕು.

ದಾಖಲೆಗಳಲ್ಲಿ ಪೂರ್ತಿ ವಿವರಣೆ ಒಂದೇ ಕ್ರಮದಲ್ಲಿ ಬರಬೇಕು:

```
UN 2014, HYDROGEN PEROXIDE, AQUEOUS SOLUTION, 5.1 (8), PG II
```

ಈ ಕ್ರಮ ಹಿಂದೆ ಮುಂದೆ ಆಗುವಂತಿಲ್ಲ. ‘ಬ್ಲೀಚಿಂಗ್ ಕೆಮಿಕಲ್’ ಎಂದೋ, ನಿಮ್ಮ ಬ್ರ್ಯಾಂಡಿನ ಹೆಸರನ್ನೋ ಇದರ ಜಾಗದಲ್ಲಿ ಬರೆದರೆ ಡಿಕ್ಲರೇಶನ್ ವಾಪಸು ಬರುತ್ತದೆ. ಬರದಿದ್ದರೆ ಇನ್ನೂ ಕಷ್ಟ, ಯಾಕೆಂದರೆ ಆಗ ಆ ಕಂಟೇನರನ್ನು ಹಡಗಿನಲ್ಲಿ ಯಾವುದರ ಪಕ್ಕ ಇಟ್ಟರೋ ದೇವರಿಗೇ ಗೊತ್ತು. ಇನ್ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಡಿಕ್ಲರೇಶನ್ ಮೂರರಲ್ಲೂ ಹೆಸರು ಒಂದೇ ಇರಲಿ. ಕಂಟೇನರ್ ತುಂಬಿದವರು ಸರಿಯಾಗಿ ತುಂಬಿದ್ದೇವೆಂದು ಬೇರೆ ಸರ್ಟಿಫಿಕೇಟು ಸಹಿ ಮಾಡಬೇಕು. ಕಂಟೇನರಿನ ನಾಲ್ಕೂ ಕಡೆ ಅವೇ ಎರಡು ಲೇಬಲ್ಲುಗಳ ದೊಡ್ಡ ರೂಪ, 25 ಸೆಂ.ಮೀ. ಬದಿಯ ಪ್ಲಕಾರ್ಡು, ಬರುತ್ತದೆ.

ಇಲ್ಲೇ ಇನ್ನೊಂದು ಆಸೆ ಹುಟ್ಟುತ್ತದೆ. 1,400 ಕೆಜಿ ಮಾಲು ಕಂಟೇನರಿನ ಒಂದು ಮೂಲೆಗೂ ಸಾಲದು, ಅದೇ ಗಿರಾಕಿಗೆ ಹೋಗಬೇಕಾದ ಥಿನ್ನರ್ ಡ್ರಮ್ಮನ್ನೂ ಒಳಗೆ ಹಾಕಿದರೆ ಬಾಡಿಗೆ ಉಳಿಯುತ್ತದಲ್ಲ ಅಂತ. ಹಾಕುವಂತಿಲ್ಲ. 5.1 ಮತ್ತು ಉರಿಯುವ ದ್ರವದ ವರ್ಗ 3, ಇವೆರಡನ್ನು ಒಂದೇ ಕಂಟೇನರಿನಲ್ಲಿ ಕಳಿಸಲು ಬೇರ್ಪಡಿಕೆಯ ಕೋಷ್ಟಕ ಬಿಡುವುದಿಲ್ಲ. ವರ್ಗ 8ರ ಆಸಿಡ್ ಕ್ಯಾನುಗಳಿಗೂ ಅದೇ ಮಾತು. ಸಾಬೂನು ಪುಡಿಯಂಥ ಅಪಾಯವಲ್ಲದ ಸರಕಿನ ಜೊತೆಗೆ ಕಳಿಸಬಹುದಾದರೂ ರಟ್ಟಿನ ಪೆಟ್ಟಿಗೆಗಳ ಮೇಲೆ ಪೆರಾಕ್ಸೈಡಿನ ಕ್ಯಾನು ಪೇರಿಸುವುದನ್ನು ನಾನಾದರೆ ಒಪ್ಪುವುದಿಲ್ಲ. ಕೆಳಗೆ ಪ್ಲಾಸ್ಟಿಕ್ ಪ್ಯಾಲೆಟ್ ಹಾಕಿ. ಮರದ್ದೇ ಆದರೆ ಒಣಗಿದ, ಎಣ್ಣೆ ಗ್ರೀಸು ಹಿಡಿಯದ, ಚೊಕ್ಕ ಪ್ಯಾಲೆಟ್ ಇರಲಿ. ಪೀಣ್ಯದಿಂದ ಚೆನ್ನೈ ಬಂದರಿಗೆ ಹೋಗುವ ಲಾರಿಯ ಚಾಲಕನಿಗೆ ಈ ಮಾಲು ಏನು, ಚೆಲ್ಲಿದರೆ ಏನು ಮಾಡಬೇಕು ಎಂಬುದನ್ನು ಬರೆದ ಟ್ರೆಮ್ ಕಾರ್ಡ್ ಕೊಡುವುದು ನಿಮ್ಮ ಜವಾಬ್ದಾರಿ, ಕಳಿಸುವವರು ಮಾಹಿತಿ ಕೊಡಲೇಬೇಕೆಂದು ಮೋಟಾರು ವಾಹನ ನಿಯಮಗಳಲ್ಲೇ ಇದೆ. ಚಾಲಕನಿಗೆ ಓದಲು ಬರುವ ಭಾಷೆಯಲ್ಲಿ ಕೊಡಿ. ಇಂಗ್ಲಿಷ್ ಎಂಎಸ್‌ಡಿಎಸ್‌ನ ಹನ್ನೆರಡು ಪುಟ ಪಿನ್ ಹೊಡೆದು ಕೈಗೆ ತುರುಕಿದರೆ ಅದು ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲು ಕಾಯಿಸಿಕೊಂಡು ಚೆನ್ನೈ ಸೇರುತ್ತದೆ.

ಕೊನೆಗೆ ನಿಮ್ಮ ಸ್ಯಾಂಪಲ್. ಕೊರಿಯರ್‌ನವರು ತಕರಾರು ತೆಗೆದದ್ದಕ್ಕೆ ಅವರನ್ನು ಬೈಯುವಂತಿಲ್ಲ. ವಿಮಾನದ ನಿಯಮದಲ್ಲಿ ಪೆರಾಕ್ಸೈಡಿಗೆ ಇನ್ನೊಂದು ಗೆರೆ ಇದೆ, ಅದು ಶೇ. 40. ಅದನ್ನು ಮೀರಿದರೆ ಪ್ರಯಾಣಿಕರ ವಿಮಾನ, ಸರಕು ವಿಮಾನ ಎರಡರಲ್ಲೂ ನಿಷೇಧ. 20ರಿಂದ 40ರ ನಡುವೆ ಪ್ರಯಾಣಿಕರ ವಿಮಾನದಲ್ಲಿ ಒಂದು ಪೊಟ್ಟಣಕ್ಕೆ ಒಂದು ಲೀಟರ್, ಸರಕು ವಿಮಾನದಲ್ಲಿ ಐದು ಲೀಟರ್. ಅಂದರೆ ನಿಮ್ಮ ಒಂದು ಲೀಟರ್ ಸಾಗಬಲ್ಲದು, ಆದರೆ ಹೇಗೆಂದರೆ ಹಾಗೆ ಕಟ್ಟಿದರೆ ಅಲ್ಲ. ಹಡಗಿಗೆ ಉಸಿರಾಡುವ ಮುಚ್ಚಳ ಕಡ್ಡಾಯ, ವಿಮಾನಕ್ಕೆ ಅದೇ ಮುಚ್ಚಳ ನಿಷಿದ್ಧ: ಮೇಲೇರಿದಂತೆ ಹೊರಗಿನ ಒತ್ತಡ ಇಳಿದು ಒಳಗಿನದು ಹೊರಗೆ ನುಗ್ಗುತ್ತದೆ. ಹಾಗಾಗಿ ಕ್ಯಾನಿನಿಂದ ಸುರಿದುಕೊಂಡ ಬಾಟಲಿ, ಅದಕ್ಕೆ ಕ್ಯಾನಿನದೇ ಬಗೆಯ ಮುಚ್ಚಳ, ಸುತ್ತ ಪೇಪರ್ ಚೂರು ಎಂಬ ಪ್ಯಾಕಿಂಗು ಮೂರು ರೀತಿಯಲ್ಲೂ ತಪ್ಪು. ಪರೀಕ್ಷೆ ಪಾಸಾದ ಪೆಟ್ಟಿಗೆ, ಗಾಳಿಯಾಡದ ಮುಚ್ಚಳದ ಹೊಸ ಬಾಟಲಿ, ಬೆಂಕಿ ಹಿಡಿಯದ ವರ್ಮಿಕ್ಯುಲೈಟ್, ತರಬೇತಿ ಪಡೆದವರ ಸಹಿ ಇರುವ ಶಿಪ್ಪರ್ಸ್ ಡಿಕ್ಲರೇಶನ್, ಇಷ್ಟೂ ಬೇಕು. ಡಬ್ಬದ ಮೇಲೆ ‘ಸ್ಯಾಂಪಲ್, ವ್ಯಾಪಾರ ಮೌಲ್ಯವಿಲ್ಲ’ ಎಂದು ಬರೆಯುವುದು ಕಸ್ಟಮ್ಸ್‌ಗೆ ಸಂಬಂಧಿಸಿದ್ದು, ಪೆರಾಕ್ಸೈಡಿಗೆ ಅದರ ಗೊಡವೆ ಇಲ್ಲ.

ಈ ಪ್ಯಾಕಿಂಗಿಗೆ ತಗಲುವ ಖರ್ಚು ಒಂದು ಲೀಟರ್ ಮಾಲಿನ ಬೆಲೆಯ ಎಷ್ಟೋ ಪಟ್ಟು. ಗಿರಾಕಿಗೆ ಬೇಕಾದದ್ದು ಬರೀ ಶುದ್ಧತೆಯ ಪರೀಕ್ಷೆಯಾದರೆ ಡಿಎಂ ನೀರಿನಲ್ಲಿ ಶೇ. 6ಕ್ಕೆ ಇಳಿಸಿ ಕಳಿಸಬಹುದೇ ಎಂದು ಕೇಳಿ ನೋಡಿ. 8ರ ಕೆಳಗಿದ್ದರೆ ಅದು ಅಪಾಯದ ಸರಕಲ್ಲ, ಕಣ್ಣು ಉರಿಯ ಆಶ್ಚರ್ಯಸೂಚಕ ಚಿಹ್ನೆ ಮಾತ್ರ ಬಾಟಲಿ ಮೇಲಿರುತ್ತದೆ, ಹೊರಗಿನ ಪೆಟ್ಟಿಗೆಗೆ ವಜ್ರದ ಲೇಬಲ್ಲು ಬೇಡ. ಹಾಗಿದ್ದರೂ ಶೇ. 6ರದ್ದೇ ಎಂಎಸ್‌ಡಿಎಸ್ ಜೊತೆಗಿಡಿ, ಯಾಕೆಂದರೆ ಹೈಡ್ರೋಜನ್ ಪೆರಾಕ್ಸೈಡು ಎಂಬ ಹೆಸರು ಕಂಡೊಡನೆ ಕೌಂಟರಿನವರು ಅದನ್ನೇ ಮೊದಲು ಕೇಳುತ್ತಾರೆ. 35ರದ್ದೇ ಬೇಕೆಂದು ಗಿರಾಕಿ ಹಟ ಹಿಡಿದರೆ 40 ಕ್ಯಾನಿನ ಜೊತೆ ಅದೂ ಹಡಗಿನಲ್ಲೇ ಹೋಗಲಿ.